ಅಡ್ವಾನ್ಸ್ ಕೊಡುವ ಮುಂಚೆ ಬರೆಸಿದ ಆ ಒಂದು ಸಾಲು

2025ರ ಜೂನ್ ತಿಂಗಳ ಒಂದು ಭಾನುವಾರ. ಮಂಡ್ಯದ ಗುತ್ತಲಿನಲ್ಲಿ ಒಂದು ಮನೆ ನೋಡಿ ಹೊರಗೆ ಬಂದಿದ್ದೆವು. ಮೂವತ್ತು-ನಲವತ್ತರ ಸೈಟು, ಕೆಳಗೆ ಎರಡು ಬೆಡ್‌ರೂಮಿನ ಮನೆ, ಮೇಲೊಂದು ರೂಮು, ಮುಂದೆ ಅಪ್ಪನಿಗೆ ಬೇಕಾದಷ್ಟು ಜಗಲಿ. ವಾರದಲ್ಲಿ ಐದು ದಿನ ಬೆಂಗಳೂರಿನ ಪಿ.ಜಿ.ಯಲ್ಲಿದ್ದು, ಶುಕ್ರವಾರ ರಾತ್ರಿ ರೈಲು ಹಿಡಿದು ಬರುವ ನನಗೆ ಸ್ಟೇಷನ್ನಿನಿಂದ ಆಟೋದಲ್ಲಿ ಹೋಗಿಬಿಡಬಹುದಾದ ದೂರ. ಬೆಲೆ 48 ಲಕ್ಷ.

ಬ್ರೋಕರ್ ಅಣ್ಣ ಟೀ ಅಂಗಡಿ ಮುಂದೆಯೇ ಶುರು ಮಾಡಿದರು. "ಮೇಡಂ, ಬೆಂಗ್ಳೂರಿನ ಪಾರ್ಟಿ ಒಬ್ರು ನಾಳೆ ಬತ್ತಾವ್ರೆ. ಇವತ್ತೇ ಒಂದೈದು ಲಕ್ಷ ಕ್ಯಾಶ್ ಕೊಟ್ಬುಡಿ, ಮಿಕ್ಕಿದ್ದು ಆಮೇಲೆ ನೋಡ್ಕಳನ. ಇ.ಸಿ. ಕನ್ನಡಿ ಇದ್ದಂಗದೆ."

ನಾನು ಕೊಟ್ಟೇಬಿಡುತ್ತಿದ್ದೆ. ತಡೆದದ್ದು ನನ್ನ ಸೋದರಮಾವ. ಮೂವತ್ತು ವರ್ಷ ಪತ್ರ ಬರಹಗಾರರಾಗಿ ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ಕೂತವರು. ಫೋನಿನಲ್ಲೇ ಹೇಳಿದರು: "ಮಗಾ, ಅಡ್ವಾನ್ಸ್ ಅನ್ನೋದು ಬಾಯಿಗೆ ಹಾಕ್ಕೊಂಡ ಬೆಲ್ಲ. ಈಸ್ಕೊಂಡೋನು ನೀ ಕೇಳ್ದಾಗ ಉಗುದ್ಬುಡ್ತಾನಾ? ಮೊದ್ಲು ಕರಾರು ತೋರ್ಸು."

ಮುಂದಿನ ನಾಲ್ಕು ತಿಂಗಳಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಾಲ ಎಷ್ಟು ಸಿಗುತ್ತದೆ, ಪತ್ರ ಸರಿಯಿದೆಯಾ, ಕೈಯಿಂದ ಎಷ್ಟು ಹೋಗುತ್ತದೆ ಅನ್ನುವ ಮೂರೂ ಬೇರೆ ಬೇರೆ ಪ್ರಶ್ನೆಗಳು ಅಂದುಕೊಂಡಿದ್ದೆ. ಮೂರೂ ಕೊನೆಗೆ ಬಂದು ನಿಲ್ಲುವುದು ಕರಾರು ಪತ್ರದ ಮೇಲೆ.

ಬ್ರೋಕರ್ ಕೊಟ್ಟ ಕರಡು

ಬ್ರೋಕರ್ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದು ಎರಡು ಪುಟದ ಕ್ರಯದ ಕರಾರು. ಅದರಲ್ಲಿ ಒಂದು ಸಾಲಿಗೆ ಮಾವ ಕೆಂಪು ಗೆರೆ ಎಳೆದರು. 60 ದಿನದೊಳಗೆ ಕೊಳ್ಳುವವರು ಪೂರ್ತಿ ಹಣ ಕೊಟ್ಟು ಕ್ರಯ ಮಾಡಿಸಿಕೊಳ್ಳದಿದ್ದರೆ ಮುಂಗಡ ಮುಟ್ಟುಗೋಲು ಎಂದಿತ್ತು ಅದು. ತಡ ಯಾರಿಂದ ಆಯಿತು ಅನ್ನುವ ಮಾತೇ ಇಲ್ಲ. ಮಾರುವವರ ಪತ್ರದಲ್ಲಿ ತೊಡಕಿದ್ದು ಬ್ಯಾಂಕು ಸಾಲ ನಿಲ್ಲಿಸಿದರೂ ಹೋಗುವುದು ನನ್ನ ದುಡ್ಡೇ.

ಇಲ್ಲಿ ಒಂದು ವಿಷಯ ಗೊತ್ತಿರಬೇಕು. ಕ್ರಯದ ಕರಾರು ಅಂದರೆ ಮುಂದೆ ಮಾರುತ್ತೇನೆ ಅನ್ನುವ ಮಾತು ಮಾತ್ರ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಸೆಕ್ಷನ್ ಪ್ರಕಾರ ಕರಾರಿನಿಂದ ಆಸ್ತಿಯಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ. ಮನೆ ನಿಮ್ಮದಾಗುವುದು ನೋಂದಣಿಯಾದ ಕ್ರಯಪತ್ರದಿಂದ. ಜಿ.ಪಿ.ಎ. ಮೇಲೆ ಮಾರುತ್ತೇವೆ ಅನ್ನುವವರಿಗೂ ಇದೇ ಉತ್ತರ. ಅದರಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಕರಾರಿನ ದಿನದಿಂದ ಕ್ರಯದ ದಿನದವರೆಗೆ ನಿಮ್ಮ ಅಡ್ವಾನ್ಸನ್ನು ಕಾಯುವುದು ಆ ಎರಡು ಪುಟದ ಒಳಗಿನ ಮಾತುಗಳು.

ಮಾವ ಹೊಸದಾಗಿ ಬರೆಸಿದ್ದು ಇಷ್ಟು:

1. ಮುಂಗಡ 3 ಲಕ್ಷ ಮಾತ್ರ, ಅದೂ ಬ್ಯಾಂಕ್ ಮೂಲಕ, ವರ್ಗಾವಣೆಯ ನಂಬರು ಕರಾರಿನಲ್ಲೇ ನಮೂದು.
2. ಬ್ಯಾಂಕಿನ ವಕೀಲರು ಹಕ್ಕಿನ ಬಗ್ಗೆ ಆಕ್ಷೇಪ ಎತ್ತಿ ಮಾರುವವರು ಅದನ್ನು ಸರಿಪಡಿಸಲಾಗದಿದ್ದರೆ, ಪೂರ್ತಿ ಮುಂಗಡ 15 ದಿನದೊಳಗೆ ವಾಪಸ್.
3. 60 ದಿನದ ಲೆಕ್ಕ ಶುರುವಾಗುವುದು ಬ್ಯಾಂಕು ಕೇಳಿದ ಕೊನೆಯ ಕಾಗದವನ್ನು ಮಾರುವವರು ಕೊಟ್ಟ ದಿನದಿಂದ.
4. ಕಂದಾಯ, ನೀರು, ಕರೆಂಟಿನ ಹಳೆ ಬಾಕಿ ಮಾರುವವರದು.

ಜುಲೈ ಎರಡನೇ ವಾರ ಈ ಕರಾರನ್ನು ನೋಂದಣಿಯನ್ನೂ ಮಾಡಿಸಿದೆವು. ನೋಂದಣಿಯಾದ ಕರಾರು ಆ ಆಸ್ತಿಯ ಇ.ಸಿ.ಯಲ್ಲಿ ಕಾಣಿಸಿಕೊಳ್ಳುತ್ತದೆ. ಮಧ್ಯೆ ಬೇರೆ ಯಾರಿಗೋ ಮಾರಲು ಹೊರಟರೆ ಆ ಕೊಳ್ಳುವವರ ಕಣ್ಣಿಗೆ ಬೀಳುತ್ತದೆ. ಬರೀ ಛಾಪಾ ಕಾಗದದಲ್ಲಿ ಬರೆದು ಇಬ್ಬರೂ ಮನೆಗೆ ಒಯ್ದರೆ ಆ ರಕ್ಷಣೆ ಇಲ್ಲ.

ಬ್ರೋಕರ್‌ಗೆ ಎರಡನೇ ಸಾಲು ಹಿಡಿಸಲಿಲ್ಲ. "ಇದೆಲ್ಲ ಯಾರೂ ಬರ್ಸಲ್ಲ ಕಣಮ್ಮ" ಅಂದರು. ಮಾರುವವರು ಮೈಸೂರಿನಲ್ಲಿ ಮಗನ ಜೊತೆ ಇರುವ ಹಿರಿಯರು. "ನನ್ ಪತ್ರ ಸರಿಯಾಗದೆ, ಬರ್ಕೊಳ್ಳಿ ಬುಡಿ" ಎಂದು ಸಹಿ ಹಾಕಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ತಮ್ಮ ಪತ್ರದಲ್ಲಿ ಏನಿಲ್ಲ ಅನ್ನುವುದು ಅವರಿಗೇ ಗೊತ್ತಿರಲಿಲ್ಲ.

ಕನ್ನಡಿಯಂಥ ಇ.ಸಿ.ಯಲ್ಲಿ ಕಾಣದ ಇಬ್ಬರು

ಇ.ಸಿ. ಅಂದರೆ ಋಣಭಾರ ಪ್ರಮಾಣಪತ್ರ. ಕಾವೇರಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ ಸಿಗುತ್ತದೆ. ಕೇಳಿದ ಅವಧಿಯಲ್ಲಿ ನೋಂದಣಿಯಾದ ವ್ಯವಹಾರ ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ನಮ್ಮದರಲ್ಲಿ ಇದ್ದದ್ದು ಒಂದೇ ವ್ಯವಹಾರ: 2011ರಲ್ಲಿ ಈ ಹಿರಿಯರು ಸೈಟು ಕೊಂಡದ್ದು. ಸಾಲ ಇಲ್ಲ, ಅಡಮಾನ ಇಲ್ಲ.

ಆದರೆ ಆ ಇ.ಸಿ. ತೆಗೆಸಿದ್ದು ನಗರಸಭೆಯ ಸ್ವತ್ತಿನ ನಂಬರಿಗೆ. ಸೈಟು ಹುಟ್ಟುವ ಮುಂಚೆ ಅದೊಂದು ಹೊಲ, ಅದಕ್ಕೊಂದು ಸರ್ವೆ ನಂಬರು. ಹೊಲ ಭೂಪರಿವರ್ತನೆಯಾಗಿ, ಸೈಟುಗಳಾಗಿ, ಹೊಸ ನಂಬರು ಬಂದ ಮೇಲೆ ಹಳೆಯ ಕತೆ ಹೊಸ ನಂಬರಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಬ್ಯಾಂಕಿನ ಪ್ಯಾನಲ್ ವಕೀಲರು ಮೊದಲು ಕೇಳಿದ್ದೇ ಇದನ್ನು. ಸರ್ವೆ ನಂಬರಿನ ಮೇಲೂ ಇ.ಸಿ., 30 ವರ್ಷದ ಪಹಣಿ, ಮ್ಯುಟೇಶನ್ ಪ್ರತಿ, ಭೂಪರಿವರ್ತನೆ ಆದೇಶ, ಮಂಡ್ಯ ನಗರಾಭಿವೃದ್ಧಿ ಪ್ರಾಧಿಕಾರ ಒಪ್ಪಿದ ಬಡಾವಣೆ ನಕ್ಷೆ. ನಕ್ಷೆ, ಪರಿವರ್ತನೆ ಆದೇಶ, ಇ-ಖಾತಾ ಮೂರೂ ಇದ್ದವು, ಅದೂ ಎ-ಖಾತಾ. ಅವು ಇಲ್ಲದಿದ್ದರೆ ನಮ್ಮ ಬ್ಯಾಂಕು ಫೈಲು ತೆಗೆದುಕೊಳ್ಳುತ್ತಲೇ ಇರಲಿಲ್ಲ.

ತೊಡಕು ಸಿಕ್ಕಿದ್ದು ತಾಲ್ಲೂಕು ಕಚೇರಿಯಿಂದ ತಂದ ಮ್ಯುಟೇಶನ್ ಪ್ರತಿಯಲ್ಲಿ. ಹೊಲದ ಮೂಲ ಯಜಮಾನರು 2003ರಲ್ಲಿ ತೀರಿಕೊಂಡಿದ್ದರು. ವಿಲ್ ಇರಲಿಲ್ಲ. ಪೌತಿ ಖಾತೆ ಒಬ್ಬನೇ ಮಗನ ಹೆಸರಿಗೆ ಆಗಿತ್ತು. ಆ ಮಗ ಸೈಟು ಮಾಡಿ 2011ರಲ್ಲಿ ನಮ್ಮ ಹಿರಿಯರಿಗೆ ಮಾರಿದ್ದ. ವಕೀಲರು ವಂಶವೃಕ್ಷ ಕೇಳಿದರು. ಬಂತು. ಅದರಲ್ಲಿ ಮಗನ ಜೊತೆ ಇಬ್ಬರು ಹೆಣ್ಣುಮಕ್ಕಳು. ಒಬ್ಬರನ್ನು ಮದ್ದೂರಿನ ಕಡೆಗೆ ಕೊಟ್ಟಿದ್ದಾರೆ, ಇನ್ನೊಬ್ಬರನ್ನು ಮಳವಳ್ಳಿಗೆ. 2011ರ ಕ್ರಯಪತ್ರದಲ್ಲಿ ಇಬ್ಬರ ಸಹಿಯೂ ಇಲ್ಲ.

ನಮ್ಮ ಕಡೆ ಇದು ಎಷ್ಟು ಸಾಮಾನ್ಯ ಅಂದರೆ ಯಾರಿಗೂ ತಪ್ಪು ಅಂತಲೇ ಅನ್ನಿಸುವುದಿಲ್ಲ. ಮದುವೆ ಮಾಡಿಕೊಟ್ಟಾಯಿತು, ಬಂಗಾರ ಹಾಕಾಯಿತು, ಇನ್ನು ಅವರ ಸಹಿ ಯಾಕೆ ಅನ್ನುವ ಲೆಕ್ಕ. ಕಾನೂನಿನ ಲೆಕ್ಕ ಬೇರೆ. ವಿಲ್ ಬರೆಯದೆ ತಂದೆ ತೀರಿಕೊಂಡರೆ ಹೆಣ್ಣುಮಕ್ಕಳೂ ವಾರಸುದಾರರೇ. ಪಿತ್ರಾರ್ಜಿತದಲ್ಲಂತೂ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ. 2004ರ ಡಿಸೆಂಬರ್ 20ಕ್ಕೂ ಮುಂಚೆ ಆಗಿಹೋದ ಮಾರಾಟ, ವಿಭಾಗಗಳನ್ನು ಆ ತಿದ್ದುಪಡಿ ಮುಟ್ಟುವುದಿಲ್ಲ. ನಮ್ಮದು 2011ರ ಮಾರಾಟ, ಆ ರಕ್ಷಣೆ ಇರಲಿಲ್ಲ.

ಪೌತಿ ಖಾತೆ ಒಬ್ಬರ ಹೆಸರಿಗೆ ಇದ್ದ ಮಾತ್ರಕ್ಕೆ ಉಳಿದವರ ಹಕ್ಕು ಹೋಗುವುದಿಲ್ಲ. ಖಾತೆ ಕಂದಾಯ ಕಟ್ಟುವವರು ಯಾರು ಅಂತ ಹೇಳುತ್ತದೆ, ಹಕ್ಕು ಯಾರದು ಅಂತ ತೀರ್ಮಾನ ಮಾಡುವುದಿಲ್ಲ. ಇ.ಸಿ.ಯಲ್ಲಿ ಇದು ಯಾಕೆ ಕಾಣಲಿಲ್ಲ ಅಂದರೆ, ಇ.ಸಿ. ತೋರಿಸುವುದು ನೋಂದಣಿಯಾದದ್ದನ್ನು ಮಾತ್ರ. ತಂಗಿಯ ಸಹಿ ಹಾಕಿಸದೇ ಬಿಟ್ಟದ್ದು ಎಲ್ಲೂ ನೋಂದಣಿಯಾಗುವುದಿಲ್ಲ. ಕೋರ್ಟಿನಲ್ಲಿ ನಡೆಯುತ್ತಿರುವ ದಾವೆಯೂ ಎಷ್ಟೋ ಸಲ ಇ.ಸಿ.ಗೆ ಬಂದಿರುವುದಿಲ್ಲ. ಅದಕ್ಕೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಮಂಡ್ಯ ಜಿಲ್ಲೆ ಆರಿಸಿಕೊಂಡು ಮಾರುವವರ ಹೆಸರು, ಅವರಿಗೆ ಮಾರಿದವರ ಹೆಸರು ಎರಡನ್ನೂ ಹುಡುಕಿದೆವು. ದಾವೆ ಇರಲಿಲ್ಲ. ಅಷ್ಟು ಸಮಾಧಾನ.

ಏಳು ವಾರ

ಆಗಸ್ಟ್ ಮೊದಲ ವಾರ ವಕೀಲರ ವರದಿ ಬಂತು: ಇಬ್ಬರು ಹೆಣ್ಣುಮಕ್ಕಳಿಂದ ನೋಂದಾಯಿತ ದೃಢೀಕರಣ ಪತ್ರ ಬಂದ ಮೇಲೆಯೇ ಸಾಲ. ಅಂದರೆ 2011ರ ಮಾರಾಟಕ್ಕೆ ನಮ್ಮ ಒಪ್ಪಿಗೆ ಇದೆ, ಈ ಸ್ವತ್ತಿನಲ್ಲಿ ನಮಗೆ ಹಕ್ಕಿಲ್ಲ ಎಂದು ಅವರೇ ಸಬ್‌ರಿಜಿಸ್ಟ್ರಾರ್ ಮುಂದೆ ಬಂದು ಬರೆದುಕೊಡಬೇಕು. ಬ್ರೋಕರ್ ಅಣ್ಣ ನೂರು ರೂಪಾಯಿ ಕಾಗದದಲ್ಲಿ ಅಫಿಡವಿಟ್ ಮಾಡಿಸಿ ತರುತ್ತೇನೆ ಅಂದರು. ವಕೀಲರು ಒಪ್ಪಲಿಲ್ಲ. ಸ್ಥಿರಾಸ್ತಿಯ ಹಕ್ಕು ಬಿಟ್ಟುಕೊಡುವುದು ನೋಟರಿ ಸಹಿಯಿಂದ ಆಗುವುದಿಲ್ಲ, ನೋಂದಣಿಯೇ ಆಗಬೇಕು.

ಮದ್ದೂರಿನ ಅಕ್ಕ ಎರಡನೇ ವಾರಕ್ಕೇ ಒಪ್ಪಿದರು. ಮಳವಳ್ಳಿಯವರು ಒಪ್ಪಲಿಲ್ಲ. ಮಾರುವವರ ಜೊತೆ ಮಾವನೂ ಹೋಗಿದ್ದರು, ನಾನೂ ಹೋಗಿದ್ದೆ. ಆಕೆ ಕಾಫಿ ಕೊಟ್ಟು ಹೇಳಿದ್ದು ನನಗೆ ಇನ್ನೂ ನೆನಪಿದೆ. "ನಮ್ಮಣ್ಣ ಹದಿನಾರು ಸೈಟು ಮಾರ್ದ. ಒಂದ್ಸಲಾನೂ ನಿನ್ ಸಹಿ ಬೇಕು ಕಣವ್ವ ಅಂತ ಬರ್ಲಿಲ್ಲ. ಈಗ ಬ್ಯಾಂಕ್ನೋರು ಕೇಳುದ್ರು ಅಂತ ನೀವು ಬಂದಿದ್ದೀರಿ."

ಉತ್ತರ ಹೇಳಲು ನಮ್ಮಲ್ಲಿ ಯಾರಿಗೂ ಬಾಯಿ ಬರಲಿಲ್ಲ. ಆಕೆ ಕೇಳುತ್ತಿದ್ದದ್ದು ಸರಿಯಾಗಿಯೇ ಇತ್ತು. ಕೊನೆಗೆ ಮಾರುವವರು ತಮ್ಮ ಕೈಯಿಂದ ಒಂದಿಷ್ಟು ಹಣ ಕೊಟ್ಟರು, ಅದನ್ನೂ ಬ್ಯಾಂಕ್ ಮೂಲಕ, ಪತ್ರದಲ್ಲಿ ನಮೂದು ಮಾಡಿಸಿ. ಸೆಪ್ಟೆಂಬರ್ ಕೊನೆಯಲ್ಲಿ ಇಬ್ಬರೂ ಬಂದು ಸಹಿ, ಹೆಬ್ಬೆಟ್ಟು ಕೊಟ್ಟರು. ಏಳು ವಾರ.

ಈಗ ಕ್ಯಾಲೆಂಡರ್ ನೋಡಿ. ಬ್ರೋಕರ್ ಕೊಟ್ಟ ಕರಡಿಗೆ ಸಹಿ ಹಾಕಿದ್ದರೆ ನನ್ನ 60 ದಿನ ಸೆಪ್ಟೆಂಬರ್ ಎರಡನೇ ವಾರಕ್ಕೇ ಮುಗಿದುಹೋಗಿತ್ತು. ಐದು ಲಕ್ಷ ಕ್ಯಾಶು, ರಸೀದಿ ಇಲ್ಲ, ಮುಟ್ಟುಗೋಲಿನ ಸಾಲು ಇದೆ. ಕೇಸು ಹಾಕಬಹುದಿತ್ತು, ನಿಜ. ಕೊಟ್ಟೆ ಅನ್ನುವುದನ್ನೇ ಮೊದಲು ಸಾಬೀತು ಮಾಡಬೇಕಿತ್ತು.

ಸಾಲ: ಮನೆಯ ಬೆಲೆಗಲ್ಲ, ಬ್ಯಾಂಕು ಕಟ್ಟಿದ ಬೆಲೆಗೆ

ನಾನು ಮಾಡಿದ ದೊಡ್ಡ ತಪ್ಪು ಲೆಕ್ಕದಲ್ಲಿ. ಗೃಹಸಾಲ 30 ಲಕ್ಷದೊಳಗಿದ್ದರೆ ಮನೆಯ ಮೌಲ್ಯದ 90 ಪರ್ಸೆಂಟ್‌ವರೆಗೆ, 30ರಿಂದ 75 ಲಕ್ಷದ ಸಾಲಕ್ಕೆ 80ರವರೆಗೆ, ಅದಕ್ಕೂ ಮೇಲೆ 75ರವರೆಗೆ ಮಾತ್ರ ಕೊಡಬಹುದು ಅನ್ನುವುದು ರಿಸರ್ವ್ ಬ್ಯಾಂಕಿನ ಮಿತಿ. 48 ಲಕ್ಷಕ್ಕೆ 80 ಪರ್ಸೆಂಟ್ ಬ್ಯಾಂಕು, ಉಳಿದ 9 ಲಕ್ಷ 60 ಸಾವಿರ ನನ್ನದು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ.

ಬ್ಯಾಂಕಿನ ಎಂಜಿನಿಯರ್ ಬಂದು ಟೇಪು ಹಿಡಿದು ಅಳೆದರು. ಮೇಲಿನ ಆ ರೂಮು ನಗರಸಭೆ ಒಪ್ಪಿದ ನಕ್ಷೆಯಲ್ಲಿ ಇರಲಿಲ್ಲ. ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅವರು ಕಟ್ಟಿದ ಬೆಲೆ 44 ಲಕ್ಷ. ವ್ಯಾಪಾರದ ಬೆಲೆ, ಮೌಲ್ಯಮಾಪನದ ಬೆಲೆ ಎರಡರಲ್ಲಿ ಕಡಿಮೆ ಯಾವುದೋ ಅದರ ಮೇಲೆ ನಮ್ಮ ಬ್ಯಾಂಕು ಸಾಲ ಕೊಡುವುದು. 44 ಲಕ್ಷಕ್ಕೆ 80 ಪರ್ಸೆಂಟ್ ಅಂದರೆ 35 ಲಕ್ಷ 20 ಸಾವಿರ. ನನ್ನ ಪಾಲು ಒಂದೇ ಏಟಿಗೆ 12 ಲಕ್ಷ 80 ಸಾವಿರ ಆಯಿತು. ಒಪ್ಪಿಗೆ ನಕ್ಷೆಯ ಪ್ರತಿಯನ್ನು ಮನೆ ನೋಡಲು ಹೋದ ದಿನವೇ ಕೇಳಿ, ಕೈಯಲ್ಲಿ ಹಿಡಿದು ರೂಮು ಎಣಿಸಿದ್ದರೆ ಬೆಲೆ ಮಾತಾಡುವಾಗಲೇ ಇದನ್ನು ಹೇಳಬಹುದಿತ್ತು.

ಆಗ ಬ್ರೋಕರ್ ಇನ್ನೊಂದು ದಾರಿ ತೋರಿಸಿದರು: ಪತ್ರದಲ್ಲಿ 35 ಲಕ್ಷ ಬರೆಸಿ, ಉಳಿದ 13 ಲಕ್ಷ ಕ್ಯಾಶ್ ಕೊಡಿ, ಸ್ಟ್ಯಾಂಪ್ ಖರ್ಚು ಉಳಿಯುತ್ತದೆ. ಪತ್ರದಲ್ಲಿ 35 ಇದ್ದರೆ ಬ್ಯಾಂಕು ಕೊಡುವುದು 35ರ ಮೇಲಿನ ಪರ್ಸೆಂಟ್, ಅಂದರೆ ಹೊಂದಿಸಬೇಕಾದ ಕೈಹಣ ಇನ್ನೂ ಹೆಚ್ಚುತ್ತದೆ. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ನಿಷೇಧವಿದೆ, ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಹತ್ತು ವರ್ಷದ ಮೇಲೆ ನಾನು ಈ ಮನೆ ಮಾರಿದರೆ ನನ್ನ ಖರೀದಿ ಬೆಲೆ 35 ಎಂದೇ ಲೆಕ್ಕ, ಆ 13 ಲಕ್ಷಕ್ಕೂ ಲಾಭದ ತೆರಿಗೆ ನಾನೇ ಕಟ್ಟಬೇಕು. "ಬೇಡಣ್ಣ" ಅಂದೆ.

ಕೈಯಿಂದ ಹೋದದ್ದು ಎಷ್ಟು

ಮನೆಗೆ ಮುದ್ರಾಂಕ ಶುಲ್ಕ 5 ಪರ್ಸೆಂಟ್, ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ ನಗರ ಪ್ರದೇಶದಲ್ಲಿ 5.6. ಇದನ್ನು ಲೆಕ್ಕ ಹಾಕುವುದು ನೀವು ಕೊಡುವ ಬೆಲೆ, ಸರ್ಕಾರದ ಮಾರ್ಗಸೂಚಿ ಬೆಲೆ ಎರಡರಲ್ಲಿ ಹೆಚ್ಚು ಯಾವುದೋ ಅದರ ಮೇಲೆ. ನೋಂದಣಿ ಶುಲ್ಕ ನಾವು ಕರಾರು ಮಾಡಿದಾಗ 1 ಪರ್ಸೆಂಟ್ ಇತ್ತು. 2025ರ ಆಗಸ್ಟ್ 31ರಿಂದ ರಾಜ್ಯ ಸರ್ಕಾರ ಅದನ್ನು 2 ಪರ್ಸೆಂಟ್ ಮಾಡಿತು. ಏಳು ವಾರದ ತಡ ನನಗೆ ಹಾಕಿದ ಬರೆ 48 ಸಾವಿರ.

ಅಕ್ಟೋಬರ್‌ನಲ್ಲಿ ನನ್ನ ನೋಟ್‌ಬುಕ್ಕಿನ ಪುಟ ಹೀಗಿತ್ತು:

- ಸಾಲ ಬಿಟ್ಟು ಬೆಲೆಯಲ್ಲಿ ನನ್ನ ಪಾಲು: 12,80,000
- ಮುದ್ರಾಂಕ ಶುಲ್ಕ, ಸೆಸ್ಸು, ಸರ್‌ಚಾರ್ಜು: 2,68,800
- ನೋಂದಣಿ ಶುಲ್ಕ: 96,000
- ಪ್ರೊಸೆಸಿಂಗ್, ವಕೀಲರ ವರದಿ, ಮೌಲ್ಯಮಾಪನ, ಬ್ಯಾಂಕಿಗೆ ಹಕ್ಕುಪತ್ರ ಒಪ್ಪಿಸುವ ದಸ್ತಾವೇಜು: ಸುಮಾರು 55,000
- ಬ್ರೋಕರ್ ಕಮಿಷನ್, 1 ಪರ್ಸೆಂಟ್: 48,000
- ಕರಾರಿನ ಖರ್ಚು, ಖಾತೆ ಬದಲಾವಣೆ, ಕರೆಂಟ್ ಮೀಟರ್ ಹೆಸರು: ಸುಮಾರು 20,000
- ಸೋರುವ ಮೋರಿ, ವೈರಿಂಗ್, ಬಣ್ಣ: 1,50,000

ಒಟ್ಟು 19 ಲಕ್ಷ 17 ಸಾವಿರದ 800. ನಾನು ಅಂದುಕೊಂಡಿದ್ದಕ್ಕೆ ಹೆಚ್ಚೂಕಮ್ಮಿ ಎರಡರಷ್ಟು. ಮುದ್ರಾಂಕ, ನೋಂದಣಿ ಖರ್ಚನ್ನು ಈ ಸಾಲದ ಲೆಕ್ಕಕ್ಕೆ ಬ್ಯಾಂಕು ಸೇರಿಸಿಕೊಳ್ಳುವುದಿಲ್ಲ, ಅದು ಪೂರ್ತಿ ಕೈಯಿಂದಲೇ. ಪಿ.ಎಫ್. ತೆಗೆದೆ, ಅಮ್ಮನ ಚೀಟಿ ಎತ್ತಿದೆವು, ಉಳಿದದ್ದು ಅಣ್ಣ ಕೊಟ್ಟ. ಮಾರುವ ಬೆಲೆ 50 ಲಕ್ಷ ಮುಟ್ಟಿದ್ದರೆ ಅದರ 1 ಪರ್ಸೆಂಟನ್ನು ಮಾರುವವರ ಹಣದಿಂದ ಟಿ.ಡಿ.ಎಸ್. ಹಿಡಿದು ಕಟ್ಟುವ ಜವಾಬ್ದಾರಿಯೂ ನನ್ನದಾಗುತ್ತಿತ್ತು.

ಸಾಲದ ಕಂತು 20 ವರ್ಷಕ್ಕೆ, 8.5 ಪರ್ಸೆಂಟ್ ಬಡ್ಡಿಯಲ್ಲಿ ತಿಂಗಳಿಗೆ ಸುಮಾರು 30,550. ಮೊದಲ ಕಂತಿನಲ್ಲಿ 24,900 ಚಿಲ್ಲರೆ ಬಡ್ಡಿಗೇ ಹೋಯಿತು, ಅಸಲಿಗೆ ಇಳಿದದ್ದು 5,600. ಶುರುವಿನ ವರ್ಷಗಳಲ್ಲಿ ಕಟ್ಟುವ ಹೆಚ್ಚುವರಿ ದುಡ್ಡಿಗೆ ಬೆಲೆ ಜಾಸ್ತಿ ಯಾಕೆ ಅಂತ ಆಗ ಅರ್ಥವಾಯಿತು. ವರ್ಷಕ್ಕೆ ಒಂದು ಕಂತಿನಷ್ಟು ಹೆಚ್ಚು ಕಟ್ಟುತ್ತಾ ಹೋದರೆ, ಬಡ್ಡಿ ಹೀಗೇ ಇದ್ದಲ್ಲಿ, ಸಾಲ ಮೂರೂವರೆ ವರ್ಷ ಮೊದಲೇ ತೀರುತ್ತದೆ. ಬದಲಾಗುವ ಬಡ್ಡಿಯ ಗೃಹಸಾಲವನ್ನು ಮೊದಲೇ ತೀರಿಸಿದ್ದಕ್ಕೆ ಬ್ಯಾಂಕು ನಿಮ್ಮಿಂದ ದಂಡ ವಸೂಲಿ ಮಾಡುವಂತಿಲ್ಲ. ಇನ್ನೊಂದು ಮಾತು: ಬಡ್ಡಿ ಏರಿದಾಗ ಎಷ್ಟೋ ಬ್ಯಾಂಕುಗಳು ಕಂತು ಹೆಚ್ಚಿಸದೆ ಅವಧಿ ಉದ್ದ ಮಾಡುತ್ತವೆ. ಮೊಬೈಲಿಗೆ ಬರುವ ಮೆಸೇಜು ಓದದಿದ್ದರೆ 20 ವರ್ಷ 23 ಆಗಿರುವುದು ಗೊತ್ತೇ ಆಗುವುದಿಲ್ಲ.

ಅಕ್ಟೋಬರ್‌ನ ಒಂದು ಗುರುವಾರ ಕ್ರಯ ಆಯಿತು. ಫೋಟೊ, ಹೆಬ್ಬೆಟ್ಟು, ಬ್ಯಾಂಕಿನ ಡಿ.ಡಿ. ಮಾರುವವರ ಕೈಗೆ, ಮೂಲಪತ್ರಗಳು ಬ್ಯಾಂಕಿನವರ ಕೈಗೆ. ಒಳಗೆ ಹೋಗುವ ಮುಂಚೆ ಮಾವ ಫೈಲು ಬಿಚ್ಚಿ, ಇಬ್ಬರು ಹೆಣ್ಣುಮಕ್ಕಳ ದೃಢೀಕರಣ ಪತ್ರದ ನಂಬರು ನಮ್ಮ ಕ್ರಯಪತ್ರದಲ್ಲಿ ನಮೂದಾಗಿದೆಯಾ ಎಂದು ಬೆರಳಿಟ್ಟು ಓದಿದರು. ಇತ್ತು.

ಪಾಲು ಹಾಲು ಉಕ್ಕಿಸಿದ ದಿನ ಮಳವಳ್ಳಿಯ ಆಕೆಗೂ ಹೇಳಿಕಳಿಸಿದ್ದೆ. ಬಂದರು. ಮನೆಯೆಲ್ಲ ನೋಡಿ, ಜಗಲಿ ಮೇಲೆ ಅಪ್ಪನ ಪಕ್ಕ ಕೂತು ಅಂದರು: "ಇಲ್ಲಿ ನಮ್ಮಪ್ಪ ಕಬ್ಬು ಹಾಕ್ತಿದ್ದ." ಆ ಸರ್ವೆ ನಂಬರಿನ ಇ.ಸಿ.ಯಲ್ಲಿ ಅದೂ ಇರಲಿಲ್ಲ.